ವಾಲ್‌ಪೇಪರ್ ಎಷ್ಟು ರೋಲ್ ಬೇಕು? ಚದರಡಿ ಬಿಡಿ, ಪಟ್ಟಿ ಎಣಿಸಿ

ವಾಲ್‌ಪೇಪರ್ ಅಂಗಡಿಗೆ ಹೋದರೆ ಮೊದಲು ಕೇಳುವುದೇ "ಗೋಡೆ ಎಷ್ಟು ಚದರಡಿ?" ಅಂತ. ನೀವು ಅಗಲ, ಎತ್ತರ ಹೇಳುತ್ತೀರಿ. ಅವರು ಎರಡನ್ನೂ ಗುಣಿಸಿ 57ರಿಂದ ಭಾಗಿಸುತ್ತಾರೆ. ಮೇಲೆ ಹತ್ತು ಪರ್ಸೆಂಟ್ ವೇಸ್ಟ್ ಸೇರಿಸುತ್ತಾರೆ. ಅರ್ಧ ನಿಮಿಷದಲ್ಲಿ ರೋಲ್ ಲೆಕ್ಕ ಮುಗಿಯುತ್ತದೆ.

ಬಣ್ಣಕ್ಕೆ ಈ ಲೆಕ್ಕ ಸರಿ. ಡಬ್ಬಿಯಲ್ಲಿ ಉಳಿದ ಬಣ್ಣವನ್ನು ಎಲ್ಲಿ ಬೇಕಾದರೂ ಬಳಿಯಬಹುದು. ಪೇಪರ್ ಹಾಗಲ್ಲ. ಅದು ಮೇಲಿಂದ ಕೆಳಗಿನವರೆಗೆ ಒಂದೇ ತುಂಡಾಗಿ ಇಳಿಯಬೇಕು. ರೋಲಿನ ಕೊನೆಯಲ್ಲಿ ಏಳು ಅಡಿ ಉಳಿದರೂ ಹತ್ತು ಅಡಿ ಗೋಡೆಗೆ ಅದರಿಂದ ಉಪಯೋಗವಿಲ್ಲ. ಹಾಗಾಗಿ ಎಣಿಸಬೇಕಾದ್ದು ಚದರಡಿಯನ್ನಲ್ಲ, ಪಟ್ಟಿಗಳನ್ನು. ಗೋಡೆಗೆ ಎಷ್ಟು ಪಟ್ಟಿ ಬೇಕು, ಒಂದು ರೋಲಿನಿಂದ ಎಷ್ಟು ಪಟ್ಟಿ ಬರುತ್ತದೆ, ಈ ಎರಡು ಗೊತ್ತಾದರೆ ಸಾಕು.

ನಮ್ಮಲ್ಲಿ ಜಾಸ್ತಿ ಸಿಗುವ ರೋಲಿನ ಅಗಲ 53 ಸೆಂಟಿಮೀಟರ್, ಅಂದರೆ ಸುಮಾರು 21 ಇಂಚು. ಉದ್ದ 10.05 ಮೀಟರ್, ಅಂದರೆ ಸುಮಾರು 33 ಅಡಿ. ಅಂಗಡಿಯವರ 57 ಚದರಡಿ ಬರುವುದು ಇದರಿಂದಲೇ. ಈ ಬರಹದ ಲೆಕ್ಕವೆಲ್ಲ ಈ ಅಳತೆಯ ರೋಲಿಗೆ. ಲೆಕ್ಕವನ್ನು ಸೆಂಟಿಮೀಟರಿನಲ್ಲೇ ಮಾಡಿ. ರೋಲಿನ ಲೇಬಲ್ ಮೇಲೆ ಇರುವುದು ಅದೇ. ಅಡಿ, ಇಂಚು ಬೆರೆಸಿದರೆ ನಡುವೆ ಎಲ್ಲೋ ತಪ್ಪಾಗುತ್ತದೆ.

ಗೋಡೆ ಅಳೆಯುವುದು

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಅತ್ತಿಗೆ ಮನೆಯ ಹಾಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಟಿ.ವಿ. ಇರುವ ಒಂದು ಗೋಡೆಗೆ ಮಾತ್ರ ಪೇಪರ್. ಕಿಟಕಿ ಇಲ್ಲ, ಬಾಗಿಲಿಲ್ಲ. ಅಗಲ 13 ಅಡಿ. ನೆಲದಿಂದ ಸೀಲಿಂಗ್‌ಗೆ ಹತ್ತೂವರೆ ಅಡಿ.

ಅಗಲವನ್ನು ಒಂದು ಸಲ ಕೆಳಗೆ, ಒಂದು ಸಲ ತಲೆಯ ಎತ್ತರದಲ್ಲಿ ಅಳೆಯಿರಿ. ಎತ್ತರವನ್ನು ಎಡ ಮೂಲೆ, ನಡು, ಬಲ ಮೂಲೆ, ಹೀಗೆ ಮೂರು ಕಡೆ ಅಳೆಯಿರಿ. ಪ್ಲಾಸ್ಟರಿಂಗ್ ಎಷ್ಟೇ ಚೆನ್ನಾಗಿದ್ದರೂ ಮೂರೂ ಅಳತೆ ಒಂದೇ ಬರುವುದು ಅಪರೂಪ. ಲೆಕ್ಕಕ್ಕೆ ಯಾವಾಗಲೂ ದೊಡ್ಡದನ್ನೇ ಹಿಡಿಯಿರಿ.

ಎತ್ತರ ಅಳೆಯುವಾಗ ಟೇಪನ್ನು ನೆಲಕ್ಕೆ ಇಡಬೇಡಿ, ಸ್ಕರ್ಟಿಂಗ್ ಮೇಲಂಚಿಗೆ ಇಡಿ. ನಮ್ಮ ಮನೆಗಳಲ್ಲಿ ಟೈಲ್ಸಿನದೋ ಗ್ರಾನೈಟಿನದೋ ನಾಲ್ಕು ಇಂಚು ಸ್ಕರ್ಟಿಂಗ್ ಇದ್ದೇ ಇರುತ್ತದೆ. ಪೇಪರ್ ನಿಲ್ಲುವುದು ಅದರ ಮೇಲೆ. ಈ ಗೋಡೆಯಲ್ಲಿ ಸ್ಕರ್ಟಿಂಗ್ ಬಿಟ್ಟರೆ 10 ಅಡಿ 2 ಇಂಚು. ಸೆಂಟಿಮೀಟರಿನಲ್ಲಿ ಅಗಲ 396, ಎತ್ತರ 310. ಈ ನಾಲ್ಕು ಇಂಚಿನಿಂದ ಒಂದು ಇಡೀ ರೋಲ್ ಹೆಚ್ಚು ಕಡಿಮೆ ಆಗುವುದನ್ನು ಮುಂದೆ ನೋಡುತ್ತೀರಿ. ಫಾಲ್ಸ್ ಸೀಲಿಂಗ್ ಹಾಕಿಸುವ ಯೋಚನೆ ಇದ್ದರೆ ಅದು ಮುಗಿದ ಮೇಲೆ ಅಳೆಯಿರಿ. ಮೊದಲೇ ಅಳೆದರೆ ಆ ಅಳತೆ ಕೆಲಸಕ್ಕೆ ಬರುವುದಿಲ್ಲ.

ಎಷ್ಟು ಪಟ್ಟಿ ಬೇಕು

ಗೋಡೆಯ ಅಗಲವನ್ನು ಪೇಪರಿನ ಅಗಲದಿಂದ ಭಾಗಿಸಿ. 396 ಭಾಗ 53, ಸುಮಾರು ಏಳೂವರೆ. ಅರ್ಧ ಪಟ್ಟಿ ಅನ್ನುವುದು ಇಲ್ಲ. ಅರ್ಧ ಅಗಲ ಬೇಕಾದರೂ ಪೂರ್ತಿ ಪಟ್ಟಿಯನ್ನೇ ಸೀಳಬೇಕು. ಹಾಗಾಗಿ 8 ಪಟ್ಟಿ.

ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ಈ ಎಂಟು ಪಟ್ಟಿ ಸಾಕಾಗುವುದು ಒಂದು ಮೂಲೆಯಿಂದ ಶುರು ಮಾಡಿದರೆ, ಇಲ್ಲವೇ ಎರಡು ಪಟ್ಟಿ ಸೇರುವ ಗೆರೆಯನ್ನು ಗೋಡೆಯ ನಡುವಿಗೆ ತಂದರೆ. ಡಿಸೈನಿನಲ್ಲಿ ದೊಡ್ಡ ಹೂವೋ ಮರವೋ ಇದೆ, ಅದು ಟಿ.ವಿ.ಯ ಸರಿ ನಡುವಿಗೆ ಬರಬೇಕು ಅಂತ ಒಂದು ಪಟ್ಟಿಯನ್ನೇ ನಡುವಿಗೆ ಕೂರಿಸಿದರೆ ಲೆಕ್ಕ ಬದಲಾಗುತ್ತದೆ. ಆಗ ಎರಡೂ ಪಕ್ಕದಲ್ಲಿ ಸುಮಾರು 172 ಸೆಂಟಿಮೀಟರ್ ಉಳಿಯುತ್ತದೆ. ಅದಕ್ಕೆ ಆಚೆ ನಾಲ್ಕು, ಈಚೆ ನಾಲ್ಕು ಪಟ್ಟಿ ಬೇಕು. ಒಟ್ಟು ಒಂಬತ್ತು! ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದನ್ನು ಪೇಪರ್ ಕೊಳ್ಳುವ ಮೊದಲೇ ತೀರ್ಮಾನಿಸಿ. ಕೊಂಡ ಮೇಲೆ ಅಲ್ಲ.

ಒಂದು ಪಟ್ಟಿ ಎಷ್ಟು ಉದ್ದ ಕತ್ತರಿಸಬೇಕು

ಎತ್ತರ 310. ಮೇಲೆ 5, ಕೆಳಗೆ 5 ಸೆಂಟಿಮೀಟರ್ ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಸೀಲಿಂಗ್ ಗೆರೆ ನೇರ ಇಲ್ಲದಿದ್ದರೆ ಅದನ್ನು ಸರಿಮಾಡಿಕೊಳ್ಳುವುದು ಈ ಹೆಚ್ಚುವರಿಯಲ್ಲೇ. ಪೇಪರ್ ಅಂಟಿಸಿದ ಮೇಲೆ ಚಾಕುವಿನಿಂದ ಅದನ್ನು ಕುಯ್ದು ತೆಗೆಯುತ್ತಾರೆ. ಅಲ್ಲಿಗೆ ಒಂದು ಪಟ್ಟಿಗೆ 320.

ಡಿಸೈನೇ ಇಲ್ಲದ ಸಾದಾ ಪೇಪರ್ ಆದರೆ ಇಲ್ಲಿಗೆ ಮುಗಿಯಿತು. 1005ರಲ್ಲಿ 320 ಮೂರು ಸಲ ಹೋಗುತ್ತದೆ, ಅಂದರೆ ಒಂದು ರೋಲಿಗೆ ಮೂರು ಪಟ್ಟಿ. ಎಂಟು ಪಟ್ಟಿಗೆ ಮೂರು ರೋಲ್. ಒಂದು ಪಟ್ಟಿ ಮಿಗುತ್ತದೆ.

ಡಿಸೈನ್ ಇದ್ದರೆ ಇನ್ನೊಂದು ಹೆಜ್ಜೆ ಇದೆ. ಒಂದು ಹೂವಿನ ತುದಿಯಿಂದ ಕೆಳಗೆ ಬರುವ ಅದೇ ಹೂವಿನ ತುದಿಯವರೆಗಿನ ದೂರವೇ ರಿಪೀಟ್. ಲೇಬಲ್ ಮೇಲೆ ಅದನ್ನು ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ಸ್ಯಾಂಪಲ್ ಪುಸ್ತಕದಲ್ಲಿ ಸಾಮಾನ್ಯವಾಗಿ ಹಾಳೆಯ ಹಿಂದೆ ಇರುತ್ತದೆ. ಅಲ್ಲೂ ಕಾಣದಿದ್ದರೆ ಟೇಪ್ ಇಟ್ಟು ನೀವೇ ಅಳೆಯಿರಿ. ಹೂವು ನೋಡಲು ಒಂದೇ ಥರ ಇದ್ದರೆ ಸಾಲದು, ಸುತ್ತಲಿನ ಎಲೆ, ಬಳ್ಳಿ ಕೂಡ ಅದೇ ಜಾಗದಲ್ಲಿ ಇರಬೇಕು. ಎಷ್ಟೋ ಡಿಸೈನಿನಲ್ಲಿ ಅದೇ ಹೂವು ನಡುವೆ ಒಂದು ಸಲ ತಿರುಗಿ ಬಂದಿರುತ್ತದೆ. ಅದನ್ನೇ ರಿಪೀಟ್ ಅಂದುಕೊಂಡರೆ ಅಳತೆ ಅರ್ಧವಾಗಿಬಿಡುತ್ತದೆ.

ಪಕ್ಕದ ಪಟ್ಟಿಯ ಹೂವು ಈ ಪಟ್ಟಿಯ ಹೂವಿಗೆ ಸರಿಯಾಗಿ ಕೂಡಬೇಕಾದರೆ ಎಲ್ಲ ಪಟ್ಟಿಯೂ ಡಿಸೈನಿನ ಒಂದೇ ಜಾಗದಿಂದ ಶುರುವಾಗಬೇಕು. ಅದಕ್ಕೆ ಕತ್ತರಿಸುವ ಉದ್ದವನ್ನು ರಿಪೀಟಿನ ಪೂರ್ಣ ಲೆಕ್ಕಕ್ಕೆ ಏರಿಸಬೇಕು. ರಿಪೀಟ್ 64 ಅಂದುಕೊಳ್ಳಿ. 320ರಲ್ಲಿ 64 ಎಷ್ಟು ಸಲ? ಸರಿಯಾಗಿ ಐದು ಸಲ. ಏನೂ ಏರಿಸಬೇಕಿಲ್ಲ. ಒಂದು ರೋಲಿಗೆ ಮೂರು ಪಟ್ಟಿ, ಒಟ್ಟು ಮೂರು ರೋಲ್.

ಇದನ್ನೇ ನೆಲದಿಂದ ಅಳೆದಿದ್ದರೆ? ಎತ್ತರ 320, ಹೆಚ್ಚುವರಿ ಸೇರಿ 330. ಐದು ರಿಪೀಟ್ 320ಕ್ಕೇ ನಿಲ್ಲುತ್ತದೆ, ಸಾಲದು. ಆರು ರಿಪೀಟ್ ಬೇಕು, 384. ಈಗ ಒಂದು ರೋಲಿನಲ್ಲಿ ಎರಡೇ ಪಟ್ಟಿ. ಎಂಟು ಪಟ್ಟಿಗೆ ನಾಲ್ಕು ರೋಲ್. ಗೋಡೆ ಅದೇ, ಪೇಪರ್ ಅದೇ. ಟೇಪ್ ಎಲ್ಲಿಟ್ಟಿರಿ ಅನ್ನುವುದರ ಮೇಲೆ ಒಂದು ರೋಲಿನ ದುಡ್ಡು ನಿಂತಿದೆ.

335 ನೆನಪಿಟ್ಟುಕೊಳ್ಳಿ

1005ನ್ನು ಮೂರರಿಂದ ಭಾಗಿಸಿದರೆ 335. ಕತ್ತರಿಸುವ ಉದ್ದ ಇದರೊಳಗೆ ಇದ್ದರೆ ರೋಲಿಗೆ ಮೂರು ಪಟ್ಟಿ. ದಾಟಿದರೆ ಎರಡೇ. ಮುಂದಿನ ಗಡಿ 502. ಅಲ್ಲಿಯವರೆಗೂ ಎರಡು ಪಟ್ಟಿ ಸಿಗುತ್ತದೆ.

ಮೈಸೂರು, ಮಂಡ್ಯದ ಬಡಾವಣೆಗಳಲ್ಲಿ ಈಚೆಗೆ ಕಟ್ಟಿದ ಮನೆಗಳ ಎತ್ತರ ಸಾಮಾನ್ಯವಾಗಿ ಹತ್ತು ಅಡಿಯ ಆಸುಪಾಸು. ಹೆಚ್ಚುವರಿ ಸೇರಿದರೆ 315, 320 ಆಗುತ್ತದೆ. ಅಂದರೆ ನಮ್ಮ ಗೋಡೆಗಳು 335ರ ಅಂಚಿನಲ್ಲೇ ಇವೆ. ಯಾವ ರಿಪೀಟ್ ಆರಿಸಿದಿರಿ ಅನ್ನುವುದು ಇಲ್ಲಿ ಬಹಳ ಮುಖ್ಯವಾಗುತ್ತದೆ.

ರಿಪೀಟ್ ಚಿಕ್ಕದಾದರೆ ವೇಸ್ಟ್ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಯಾವಾಗಲೂ ಹಾಗೆ ಆಗುವುದಿಲ್ಲ. ಇದೇ ಗೋಡೆಗೆ 53 ಸೆಂಟಿಮೀಟರ್ ರಿಪೀಟಿನ ಪೇಪರ್ ಇಟ್ಟು ನೋಡಿ. ಆರು ರಿಪೀಟ್ ಅಂದರೆ 318. ನಮಗೆ ಬೇಕಾದ್ದು 320. ಎರಡೇ ಸೆಂಟಿಮೀಟರ್ ಕಡಿಮೆ! ಏಳಕ್ಕೆ ಏರಿಸಿದರೆ 371, ರೋಲಿಗೆ ಎರಡು ಪಟ್ಟಿ, ನಾಲ್ಕು ರೋಲ್. 64ರ ರಿಪೀಟಿಗೆ ಮೂರು ರೋಲ್ ಸಾಕಾಗಿತ್ತು, ಅದಕ್ಕಿಂತ ಚಿಕ್ಕ 53ಕ್ಕೆ ನಾಲ್ಕು. ಇಂಥ ಕಡೆ ಮೂರೂ ಜಾಗದ ಎತ್ತರ ಒಂದೇ ಬಂದಿದ್ದರೆ ಹೆಚ್ಚುವರಿಯನ್ನು ಹತ್ತರಿಂದ ಎಂಟಕ್ಕೆ ಇಳಿಸಬಹುದು. ಆಗ 318ರಲ್ಲೇ ಕೆಲಸ ಮುಗಿದು ರೋಲು ಮೂರಕ್ಕೆ ಇಳಿಯುತ್ತದೆ. ಪೇಪರ್ ಹಾಕುವವರನ್ನು ಕೇಳಿಯೇ ಇದನ್ನು ಮಾಡಿ. ಸೀಲಿಂಗ್ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿದ್ದರೆ ಎಂಟು ಸೆಂಟಿಮೀಟರ್ ಸಾಲದೇ ಹೋಗಬಹುದು.

ಎತ್ತರದ ಹಳೇ ಮನೆಗಳ ಲೆಕ್ಕವೇ ಬೇರೆ. ಮದ್ರಾಸ್ ತಾರಸಿಯ ಮನೆ, ಎತ್ತರ 12 ಅಡಿ ಅಂದುಕೊಳ್ಳಿ. 366, ಹೆಚ್ಚುವರಿ ಸೇರಿ 376. ಸಾದಾ ಪೇಪರ್ ಆದರೂ ರೋಲಿಗೆ ಎರಡೇ ಪಟ್ಟಿ. 64ರ ರಿಪೀಟ್ ಆದರೆ 384, ಆಗಲೂ ಎರಡೇ. ಅಂದರೆ ಡಿಸೈನಿನಿಂದ ಇಲ್ಲಿ ಒಂದು ಪೈಸೆಯೂ ಜಾಸ್ತಿ ಆಗುವುದಿಲ್ಲ. 13 ಅಡಿ ಅಗಲಕ್ಕೆ ಎರಡಕ್ಕೂ ನಾಲ್ಕೇ ರೋಲ್. ಚದರಡಿ ಲೆಕ್ಕ ಏನನ್ನುತ್ತದೆ? 156ಕ್ಕೆ ಹತ್ತು ಪರ್ಸೆಂಟ್ ಸೇರಿಸಿದರೆ ಸುಮಾರು 172. 57ರಿಂದ ಭಾಗಿಸಿದರೆ ಮೂರರ ಮೇಲೆ ಕೂದಲೆಳೆಯಷ್ಟು. ಅಂಗಡಿಯವರು "ಮೂರು ಸಾಕು ಬಿಡಿ ಸಾರ್" ಅಂದರೆ ಆರು ಪಟ್ಟಿ ಅಂಟಿಸುವಷ್ಟರಲ್ಲಿ ಪೇಪರ್ ಖಾಲಿ.

ಅರ್ಧ ಇಳಿಜೋಡಣೆ ಇದ್ದರೆ

ಲೇಬಲ್ ಮೇಲೆ ಎರಡು ಬಾಣ ಎದುರುಬದುರಾಗಿ ಒಂದೇ ಮಟ್ಟದಲ್ಲಿ ಇದ್ದರೆ ನೇರ ಜೋಡಣೆ. ಇಲ್ಲಿಯವರೆಗೆ ಹೇಳಿದ ಲೆಕ್ಕ ಅದಕ್ಕೆ. ಬಾಣದ ಪಕ್ಕ ಸೊನ್ನೆ ಇದ್ದರೆ ಜೋಡಿಸುವ ಅಗತ್ಯವೇ ಇಲ್ಲ, ಅದು ಸಾದಾ ಪೇಪರಿನ ಲೆಕ್ಕ. ಎರಡು ಬಾಣ ಒಂದು ಮೇಲೆ, ಒಂದು ಕೆಳಗೆ ಇದ್ದು ಪಕ್ಕದಲ್ಲಿ 64/32 ಅಂತ ಇದ್ದರೆ ಹುಷಾರಾಗಬೇಕು. ಇದರಲ್ಲಿ ರಿಪೀಟ್ 64, ಆದರೆ ಪಕ್ಕದ ಪಟ್ಟಿ 32 ಸೆಂಟಿಮೀಟರ್ ಸರಿದು ಕೂಡುತ್ತದೆ. ಹೂವುಗಳು ಅಡ್ಡ ಸಾಲಿನಲ್ಲಿ ಬರದೆ ಓರೆಯಾಗಿ ಇಳಿಯುವ ಡಿಸೈನುಗಳು ಇವು.

ಇದರಲ್ಲಿ ಎರಡು ಥರದ ಪಟ್ಟಿ ಬೇಕು. ಒಂದು, ಮೂರು, ಐದು, ಏಳನೇ ಪಟ್ಟಿ ಡಿಸೈನಿನ ತಲೆಯಿಂದ ಶುರು. ಇವನ್ನು 'ಅ' ಅನ್ನೋಣ. ಎರಡು, ನಾಲ್ಕು, ಆರು, ಎಂಟನೇ ಪಟ್ಟಿ ಡಿಸೈನಿನ ನಡುವಿನಿಂದ ಶುರು. ಇವು 'ಆ'. ನಮ್ಮ ಗೋಡೆಗೆ ನಾಲ್ಕು 'ಅ', ನಾಲ್ಕು 'ಆ'.

ಜಾಸ್ತಿ ಪೇಪರ್ ಹಾಳಾಗುವುದು ಒಂದೇ ರೋಲಿನಿಂದ ಅ, ಆ, ಅ ಅಂತ ಸಾಲಾಗಿ ಕತ್ತರಿಸಿದಾಗ. ರೋಲನ್ನು ನೆಲಕ್ಕೆ ಹಾಸಿ ಪಕ್ಕದಲ್ಲಿ ಟೇಪ್ ಇಟ್ಟಿದ್ದೀರಿ ಅಂದುಕೊಳ್ಳಿ. ಮೊದಲ 'ಅ' ಸೊನ್ನೆಯಿಂದ 320ರವರೆಗೆ. 320ರಲ್ಲಿ ಡಿಸೈನಿನ ತಲೆ ಬಂದಿದೆ, ಆದರೆ ನಮಗೆ ಬೇಕಾದ್ದು ನಡು. 32 ಸೆಂಟಿಮೀಟರ್ ಬಿಟ್ಟು 352ರಿಂದ 'ಆ' ಶುರುವಾಗಿ 672ಕ್ಕೆ ಮುಗಿಯುತ್ತದೆ. ಈಗ ಮತ್ತೆ ತಲೆ ಬೇಕು. ಇನ್ನೂ 32 ಬಿಟ್ಟರೆ 704. ಅಲ್ಲಿಂದ 320 ಹಿಡಿದರೆ 1024. ರೋಲು 1005ಕ್ಕೇ ಮುಗಿದಿದೆ. 19 ಸೆಂಟಿಮೀಟರಿನಿಂದ ಮೂರನೇ ಪಟ್ಟಿ ಹೋಯಿತು. ಹೀಗೆ ಮಾಡಿದರೆ ರೋಲಿಗೆ ಎರಡೇ, ಒಟ್ಟು ನಾಲ್ಕು ರೋಲ್.

ಈಗ ಎರಡು ರೋಲನ್ನು ಒಟ್ಟಿಗೆ ಬಿಚ್ಚಿ. ಮೊದಲ ರೋಲಿನಿಂದ ಬರೀ 'ಅ' ಕತ್ತರಿಸಿ. 320, 640, 960, ನಡುವೆ ಏನೂ ಹಾಳಾಗದೆ ಮೂರು ಪಟ್ಟಿ. ಎರಡನೇ ರೋಲಿನ ತಲೆಯಲ್ಲಿ ಒಂದೇ ಸಲ 32 ಕತ್ತರಿಸಿ ತೆಗೆದು ಬರೀ 'ಆ' ಕತ್ತರಿಸಿ. 32ರಿಂದ ಶುರುವಾಗಿ 992ಕ್ಕೆ ಮೂರು ಪಟ್ಟಿ ಮುಗಿಯುತ್ತವೆ. ಉಳಿದ ಒಂದು 'ಅ', ಒಂದು 'ಆ' ಮೂರನೇ ರೋಲಿನಿಂದ ಆರಾಮಾಗಿ ಬರುತ್ತವೆ. ಮೂರು ರೋಲಿನಲ್ಲಿ ಕೆಲಸ ಆಯಿತು. ಆದರೆ ಪೇಪರ್ ಹಾಕುವವರು ಹೀಗೆ ಕತ್ತರಿಸಲು ಒಪ್ಪಿದರೆ ಮಾತ್ರ ಮೂರು ತನ್ನಿ. ಕೊಳ್ಳುವ ಮೊದಲೇ ಅವರ ಹತ್ತಿರ ಮಾತಾಡಿ. "ಎರಡು ರೋಲ್ ಬಿಚ್ಚಿಕೊಂಡು ಒಂದು ಬಿಟ್ಟು ಒಂದು ಕತ್ತರಿಸ್ತೀರಾ ಅಣ್ಣ?" ಅಂದರೆ ಕೆಲಸ ಬಲ್ಲವರಿಗೆ ತಕ್ಷಣ ಅರ್ಥವಾಗುತ್ತದೆ.

ರೋಲಿನ ತಲೆ ಎಲ್ಲಿಂದ ಶುರುವಾಗಿದೆ

ಮೇಲಿನ ಲೆಕ್ಕವೆಲ್ಲ ರೋಲು ನಮಗೆ ಬೇಕಾದ ಜಾಗದಿಂದಲೇ ಶುರುವಾಗುತ್ತದೆ ಅಂದುಕೊಂಡು ಮಾಡಿದ್ದು. ನಿಜದಲ್ಲಿ ಒಂದು ರೋಲಿನ ತಲೆಯಲ್ಲಿ ಇಡೀ ಹೂವು ಇದ್ದರೆ ಇನ್ನೊಂದರಲ್ಲಿ ಅರ್ಧ ಹೂವು ಇರಬಹುದು. ಬೇಕಾದ ಜಾಗ ಸಿಗುವವರೆಗೆ ತಲೆಯಲ್ಲಿ ಒಂದಿಷ್ಟು ಕತ್ತರಿಸಿ ಬಿಸಾಡಬೇಕು. ಅದು ಹೆಚ್ಚೆಂದರೆ ಒಂದು ರಿಪೀಟಿನಷ್ಟಾಗುತ್ತದೆ. ನಮ್ಮ ಮೂರು ಪಟ್ಟಿ 960ಕ್ಕೆ ಮುಗಿಯುತ್ತವೆ, ಕೈಯಲ್ಲಿ ಇರುವುದು 45. ತಲೆಯಲ್ಲಿ 50 ಹೋದರೆ ಮೂರನೇ ಪಟ್ಟಿ ಸಿಗುವುದಿಲ್ಲ.

ಇದಕ್ಕೆ ದಾರಿ ಇದೆ. ಯಾವುದನ್ನೂ ಕತ್ತರಿಸುವ ಮೊದಲು ಮೂರೂ ರೋಲಿನ ತಲೆಯನ್ನು ಒಂದು ಮೀಟರಿನಷ್ಟು ಬಿಚ್ಚಿ ಪಕ್ಕಪಕ್ಕದಲ್ಲಿ ಹಾಸಿ. ಸೀಲಿಂಗ್ ಗೆರೆಗೆ ಡಿಸೈನಿನ ಯಾವ ಭಾಗ ಬರಬೇಕು ಅಂತ ಇನ್ನೂ ನೀವು ತೀರ್ಮಾನಿಸಿಲ್ಲ ಅಲ್ವಾ? ಎರಡು ರೋಲಿನ ತಲೆಯಲ್ಲಾದರೂ ಕಡಿಮೆ ಹಾಳಾಗುವಂಥ ಜಾಗ ನೋಡಿ ಆರಿಸಿಕೊಳ್ಳಿ. ಜಾಸ್ತಿ ಕತ್ತರಿಸಬೇಕಾದ ರೋಲನ್ನು ಮೂರನೆಯದಾಗಿ ಇಟ್ಟುಕೊಳ್ಳಿ. ಅದರಿಂದ ಬೇಕಾಗಿರುವುದು ಎರಡೇ ಪಟ್ಟಿ, ತಲೆಯಲ್ಲಿ ಒಂದು ಇಡೀ ರಿಪೀಟ್ ಹೋದರೂ ಚಿಂತೆ ಇಲ್ಲ. ಒಂಬತ್ತು ಪಟ್ಟಿಯ ಗೋಡೆಗೆ ಈ ಸೌಕರ್ಯ ಇರುವುದಿಲ್ಲ. ಅಲ್ಲಿ ಮೂರೂ ರೋಲು ಮೂರು ಮೂರು ಪಟ್ಟಿ ಕೊಡಲೇಬೇಕು. ಹಾಗಾಗಿ ಒಂದು ಪಟ್ಟಿಯನ್ನೇ ನಡುವಿಗೆ ಕೂರಿಸುವವರು, 64ರ ರಿಪೀಟ್ ಆದರೆ, ನಾಲ್ಕನೇ ರೋಲ್ ತಂದಿಟ್ಟುಕೊಳ್ಳುವುದೇ ಸರಿ.

ಕಿಟಕಿ, ಬಾಗಿಲು

ಕಿಟಕಿಯ ಚದರಡಿಯನ್ನು ಕಳೆಯಬೇಡಿ. ಅಂಚಿನ ಪಟ್ಟಿ ಕಿಟಕಿಯ ಮೇಲೆ ಅರ್ಧ ಬಂದರೂ ಅದನ್ನು ಪೂರ್ತಿ ಉದ್ದಕ್ಕೇ ಕತ್ತರಿಸಬೇಕು. ಪಟ್ಟಿಯ ಇಡೀ ಅಗಲ ಬಾಗಿಲಿನೊಳಗೆ ಬಿದ್ದರೆ ಮಾತ್ರ ಆ ಪಟ್ಟಿಯನ್ನು ಬಿಡಬಹುದು. ಬಾಗಿಲ ಮೇಲಿನ ತುಂಡಿಗೆ ರೋಲಿನ ಕೊನೆಯಲ್ಲಿ ಉಳಿದದ್ದು ಸಾಕಾಗಬಹುದು. ಆ ತುಂಡಿನಲ್ಲೂ ಡಿಸೈನಿನ ಸರಿಯಾದ ಭಾಗ ಇರಬೇಕು ಅನ್ನುವುದು ಮಾತ್ರ ನೆನಪಿರಲಿ.

ಫೋನಿನಲ್ಲೇ ಲೆಕ್ಕ

ಅಂಗಡಿಯಲ್ಲಿ ನಾಲ್ಕೈದು ಡಿಸೈನ್ ಹೋಲಿಸುವಾಗ ಪ್ರತಿ ಸಲ ಕೈಲೆಕ್ಕ ಮಾಡುವುದು ಬೇಸರ. ಫೋನಿನ ಶೀಟ್ಸಿನಲ್ಲಿ A1ರಲ್ಲಿ ಗೋಡೆಯ ಅಗಲ, A2ರಲ್ಲಿ ಎತ್ತರ, A3ರಲ್ಲಿ ರಿಪೀಟ್ ಹಾಕಿ. ಎಲ್ಲವೂ ಸೆಂಟಿಮೀಟರಿನಲ್ಲಿ. ಬೇರೆ ಒಂದು ಕೋಶದಲ್ಲಿ ಇದನ್ನು ಹಾಕಿ:

```
=ROUNDUP(ROUNDUP(A1/53,0)/ROUNDDOWN(1005/(ROUNDUP((A2+10)/A3,0)*A3),0),0)
```

396, 310, 64 ಕೊಟ್ಟರೆ 3 ಬರಬೇಕು. 64ರ ಬದಲು 53 ಕೊಟ್ಟರೆ 4. ಸಾದಾ ಪೇಪರಿಗೆ A3ರಲ್ಲಿ 1 ಹಾಕಿ. ಇದು ನೇರ ಜೋಡಣೆಯ ಲೆಕ್ಕ. ಅರ್ಧ ಇಳಿಜೋಡಣೆಗೆ ಮೇಲೆ ಹೇಳಿದಂತೆ ಟೇಪಿನ ಲೆಕ್ಕವನ್ನೇ ಮಾಡಿ. ರೋಲಿನ ಅಳತೆ ಬೇರೆ ಇದ್ದರೆ 53 ಮತ್ತು 1005ರ ಜಾಗದಲ್ಲಿ ಆ ಅಂಕಿ ಹಾಕಿ.

ಕೊರಿಯಾದ ದೊಡ್ಡ ರೋಲಿಗೆ ಹೀಗೆ ಬದಲಿಸಲೇಬೇಕು. ಅದರ ಅಗಲ 106, ಉದ್ದ 1560. ನಮ್ಮ ಗೋಡೆಗೆ ಅದರಲ್ಲಿ ನಾಲ್ಕೇ ಪಟ್ಟಿ ಸಾಕು. 64ರ ರಿಪೀಟಿನಲ್ಲಿ ಒಂದೇ ರೋಲಿನಿಂದ ನಾಲ್ಕೂ ಬರುತ್ತವೆ. ಬೆಲೆ ಹೋಲಿಸುವಾಗ ಒಂದು ರೋಲಿಗೆ ಒಂದು ರೋಲ್ ಇಟ್ಟು ನೋಡಬೇಡಿ. ಇಡೀ ಗೋಡೆಗೆ ಇದರಲ್ಲಿ ಎಷ್ಟು, ಅದರಲ್ಲಿ ಎಷ್ಟು ಅಂತ ನೋಡಿ.

ಕೊಳ್ಳುವಾಗ

ಲೆಕ್ಕಕ್ಕೆ ಬಂದ ರೋಲುಗಳನ್ನು ಒಟ್ಟಿಗೇ ತನ್ನಿ. ಪ್ರತಿ ಲೇಬಲ್ ಮೇಲೂ ಬ್ಯಾಚ್ ನಂಬರ್ ಇರುತ್ತದೆ. ಎಲ್ಲ ರೋಲಿನದೂ ಒಂದೇ ಇರಬೇಕು. ಬ್ಯಾಚ್ ಬದಲಾದರೆ ಬಣ್ಣದಲ್ಲಿ ತುಸು ವ್ಯತ್ಯಾಸ ಇರುತ್ತದೆ. ಅಂಗಡಿಯ ದೀಪದಲ್ಲಿ ಕಾಣದ ಆ ವ್ಯತ್ಯಾಸ ಗೋಡೆಯ ಮೇಲೆ ಎರಡು ಪಟ್ಟಿ ಸೇರುವ ಕಡೆ ಎದ್ದು ಕಾಣುತ್ತದೆ. ಕಡಿಮೆ ಬಿದ್ದ ಒಂದು ರೋಲಿಗಾಗಿ ಎರಡು ತಿಂಗಳ ನಂತರ ಹೋದರೆ ಅದೇ ಬ್ಯಾಚ್ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಬಿಚ್ಚದ ರೋಲನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ, ಬಿಲ್ ಮೇಲೆ ಬರೆಸಿಕೊಳ್ಳಿ. ಒಪ್ಪಿದರೆ ಲೆಕ್ಕ ಅಂಚಿನಲ್ಲಿ ಇರುವ ಗೋಡೆಗೆ ಒಂದು ಹೆಚ್ಚಿಗೆ ತನ್ನಿ. ಗೋಡೆಗೆ ಕೊನೆಯ ಪಟ್ಟಿ ಅಂಟುವವರೆಗೂ ಅದರ ಪ್ಲಾಸ್ಟಿಕ್ ಕವರ್ ತೆಗೆಯಬೇಡಿ.